ಎನ್‌ಸೇಡ್: ಮಂಡಿ ನೋವಿನ ಮಾತ್ರೆಗೂ ಬಿ.ಪಿ.ಗೂ ಏನು ನಂಟು?

ಮಂಡಿ ನೋವು ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿದರೆ ಕೈಗೆ ಬರುವ ಮಾತ್ರೆಯಲ್ಲಿ ಬಹಳ ಸಲ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಅಥವಾ ಐಬುಪ್ರೊಫೆನ್ ಇರುತ್ತದೆ. ಈ ಗುಂಪನ್ನು ಡಾಕ್ಟರುಗಳು ಎನ್‌ಸೇಡ್ ಅನ್ನುತ್ತಾರೆ. ಸ್ಟೀರಾಯ್ಡ್ ಅಲ್ಲದ, ನೋವು ಮತ್ತು ಊತ ಇಳಿಸುವ ಔಷಧ ಎಂದರ್ಥ.

ಶ್ರೀನಿವಾಸಪುರದ ಹತ್ತಿರದ ಹಳ್ಳಿಯಲ್ಲಿರುವ ನನ್ನ ಚಿಕ್ಕಮ್ಮ ಬಿ.ಪಿ.ಗೆಂದು ದಿನಾ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ತಗೊಳ್ಳುತ್ತಾರೆ. ಬಿ.ಪಿ. 130/80ರ ಆಸುಪಾಸಿನಲ್ಲೇ ಇರುತ್ತಿತ್ತು. ಕಳೆದ ಬೇಸಿಗೆಯಲ್ಲಿ ಟೊಮ್ಯಾಟೊ ಬಿಡಿಸಿ ಬಿಡಿಸಿ ಮಂಡಿ ಹಿಡಿದುಕೊಂಡಿತು. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ಎರಡು ವಾರ, ದಿನಕ್ಕೆರಡು ಸಲ ನುಂಗಿದರು. ಸಂಜೆ ಚಪ್ಪಲಿ ಬಿಟ್ಟರೆ ಪಟ್ಟಿಯ ಗುರುತು ಪಾದದ ಮೇಲೆ ಹಾಗೇ ಉಳಿಯುತ್ತಿತ್ತು. ತಪಾಸಣೆಗೆ ಹೋದಾಗ ಬಿ.ಪಿ. 156/94.

"ಮಾತ್ರೆ ಬಿಟ್ಟಿದ್ರಾ ಅಮ್ಮ?"

"ಒಂದು ದಿನಾನೂ ಬಿಟ್ಟಿಲ್ಲ ಸಾರ್."

ಡಾಕ್ಟರು ಡೋಸ್ ಜಾಸ್ತಿ ಮಾಡುವ ಮೊದಲು ಇನ್ನೊಂದು ಮಾತು ಕೇಳಿದರು, ಬೇರೆ ಏನಾದರೂ ತಗೊಳ್ತಿದ್ದೀರಾ ಅಂತ. ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಸ್ಟ್ರಿಪ್ ತೋರಿಸಿದರು. ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಪ್ಯಾರಾಸಿಟಮಾಲ್ ಹೆಸರು ಕಂಡು ಮನೆಯವರೆಲ್ಲ ಇದು ಸುಮ್ನೆ ಜ್ವರದ ಮಾತ್ರೆ ಅಂದುಕೊಂಡಿದ್ದೆವು.

ನೋವು, ಊತ ತರುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ನಮ್ಮ ಮೈಯಲ್ಲೇ ತಯಾರಾಗುತ್ತದೆ. ಎನ್‌ಸೇಡ್ ಅದನ್ನು ತಡೆಯುತ್ತದೆ, ನೋವು ಇಳಿಯುತ್ತದೆ. ಆದರೆ ಕಿಡ್ನಿಗೆ ಅದೇ ವಸ್ತು ಬೇಕು. ಅಲ್ಲಿ ಅದು ರಕ್ತನಾಳಗಳನ್ನು ಸಡಿಲವಾಗಿಟ್ಟು, ಜಾಸ್ತಿಯಾದ ಉಪ್ಪು ಮೂತ್ರದಲ್ಲಿ ಹೋಗುವಂತೆ ನೋಡಿಕೊಳ್ಳುತ್ತದೆ. ಅದಿಲ್ಲದಿದ್ದರೆ ಉಪ್ಪು, ನೀರು ಒಳಗೇ ನಿಲ್ಲುತ್ತವೆ. ಕಾಲು ಊದುತ್ತದೆ, ತೂಕ ಏರುತ್ತದೆ, ಬಿ.ಪಿ. ಮೇಲೆ ಹೋಗುತ್ತದೆ. ಬಿ.ಪಿ.ಗೆ ಕೊಡುವ ಟೆಲ್ಮಿಸಾರ್ಟನ್, ಎನಲಾಪ್ರಿಲ್ ಮತ್ತು ಮೂತ್ರ ಹೋಗಿಸುವ ಮಾತ್ರೆಗಳ ಬಲವನ್ನು ಎನ್‌ಸೇಡ್ ಚೆನ್ನಾಗಿಯೇ ಕುಗ್ಗಿಸುತ್ತದೆ. ಆಮ್ಲೋಡಿಪಿನ್ ಎಂಬ ಇನ್ನೊಂದು ಬಿ.ಪಿ. ಮಾತ್ರೆಯ ಮೇಲೆ ಅಷ್ಟು ಪರಿಣಾಮವಿಲ್ಲ. ಟೆಲ್ಮಿಸಾರ್ಟನ್ ಜೊತೆ ಮೂತ್ರದ ಮಾತ್ರೆಯೂ ಇದ್ದು, ಮೇಲೆ ಎನ್‌ಸೇಡ್ ಸೇರಿದರೆ ಕಿಡ್ನಿಗೇ ಏಟು ಬೀಳಬಹುದು. ವಾಂತಿ ಭೇದಿ ಆಗಿ ನೀರು ಕಡಿಮೆಯಾದಾಗ ಅಪಾಯ ಇನ್ನೂ ಜಾಸ್ತಿ.

ಚಿಕ್ಕಮ್ಮನಿಗೆ ಆ ಮಾತ್ರೆ ನಿಲ್ಲಿಸಿ, ಬರೀ ಪ್ಯಾರಾಸಿಟಮಾಲ್ ಮತ್ತು ಮಂಡಿಗೆ ಹಚ್ಚುವ ಜೆಲ್ ಕೊಟ್ಟರು. ಜೆಲ್‌ನಿಂದ ರಕ್ತಕ್ಕೆ ಸೇರುವುದು ತುಂಬಾ ಕಡಿಮೆ. ಎರಡು ವಾರಕ್ಕೆ 134/82. ಬಿ.ಪಿ. ಮಾತ್ರೆಯ ಡೋಸ್ ಬದಲಿಸಲೇ ಇಲ್ಲ.

ಬಿ.ಪಿ. ಏರಿಸುವುದು ನೋವಿನ ಮಾತ್ರೆಯೊಂದೇ ಅಲ್ಲ. ಮೂಗು ಕಟ್ಟಿದಾಗ ನುಂಗುವ ಶೀತದ ಮಾತ್ರೆಯಲ್ಲಿ ಫೀನೈಲೆಫ್ರಿನ್ ಇದ್ದರೆ ಅದು ರಕ್ತನಾಳವನ್ನೇ ಬಿಗಿಯುವ ಔಷಧ. ಕೆಮ್ಮಿಗೆ ವಾರಗಟ್ಟಲೆ ಅತಿಮಧುರದ ಕಷಾಯ ಕುಡಿದರೂ ಮೈಯಲ್ಲಿ ಉಪ್ಪು ನಿಂತು, ಪೊಟ್ಯಾಸಿಯಂ ಇಳಿಯುತ್ತದೆ. ಮನೆಮದ್ದು ಅಂತ ಇದನ್ನು ಯಾರೂ ಡಾಕ್ಟರಿಗೆ ಹೇಳುವುದಿಲ್ಲ, ಅಲ್ವಾ?

ಹೃದಯಕ್ಕೆಂದು ಬರೆದುಕೊಟ್ಟ ಆಸ್ಪಿರಿನ್ 75 ಕೂಡ ಎನ್‌ಸೇಡ್ ಗುಂಪಿನದೇ. ಆದರೆ ಆ ಸಣ್ಣ ಡೋಸ್ ಬಿ.ಪಿ. ಏರಿಸುವುದಿಲ್ಲ. ಇದನ್ನು ಓದಿ ಅದನ್ನು ನೀವಾಗಿಯೇ ನಿಲ್ಲಿಸಬೇಡಿ.