ದೋಷಾರೋಪಣೆಗೆ ಉತ್ತರ: ಒಪ್ಪುವುದೆಷ್ಟು, ಒಪ್ಪದಿರುವುದೆಷ್ಟು

ಇಲಾಖಾ ಪರೀಕ್ಷೆಗೆ ಓದುವಾಗ ಸರ್ಕಾರಿ ನೌಕರರ ಶಿಸ್ತು ಕ್ರಮಕ್ಕೆ ಸಂಬಂಧಿಸಿದ 1957ರ ಕರ್ನಾಟಕ ಸಿಸಿಎ ನಿಯಮಗಳ 11ನೇ ನಿಯಮವನ್ನು ಬಾಯಿಪಾಠ ಮಾಡಿಬಿಡುತ್ತೇವೆ. ಲಿಖಿತ ಹೇಳಿಕೆ ಬರೆಯಲು ಕೂತಾಗಲೇ ಕೈ ನಿಲ್ಲುವುದು. ಆರೋಪದ ಒಂದೇ ವಾಕ್ಯದಲ್ಲಿ ನಡೆದ ಸಂಗತಿಯೂ ಅದಕ್ಕೆ ಹಚ್ಚಿದ ಉದ್ದೇಶವೂ ಹೆಣೆದುಕೊಂಡಿರುತ್ತವೆ. ಮೊದಲು ಅವನ್ನು ಬಿಡಿಸಬೇಕು.

ಅಭ್ಯಾಸಕ್ಕೆಂದು ಕಟ್ಟಿಕೊಂಡ ಒಂದು ಪ್ರಕರಣ ನೋಡೋಣ. ಕೊಪ್ಪಳ ಜಿಲ್ಲೆಯ ಒಂದು ರೈತ ಸಂಪರ್ಕ ಕೇಂದ್ರದಲ್ಲಿ ಜೂನ್ 18ರಂದು ತಪಾಸಣೆ ನಡೆಯಿತು. ದಾಸ್ತಾನು ವಹಿಯಲ್ಲಿ 212 ಚೀಲ ತೊಗರಿ ಬೀಜ, ಗೋದಾಮಿನಲ್ಲಿ 200. ಕೇಂದ್ರದ ನೌಕರನಿಗೆ ಜ್ಞಾಪನದಲ್ಲಿ ಬಂದ ಆರೋಪ: ‘ವಹಿಯನ್ನು ಸಕಾಲದಲ್ಲಿ ಬರೆಯದೆ 12 ಚೀಲ ದುರುಪಯೋಗಪಡಿಸಿದ್ದೀರಿ.’ ಆ 12 ಚೀಲ 16ರಂದೇ ಪಕ್ಕದ ಹೋಬಳಿಯ ಕೇಂದ್ರಕ್ಕೆ ಹೋಗಿದ್ದವು. ನೌಕರ ವಹಿ ಬರೆದದ್ದು 19ರಂದು.

ಉತ್ತರ ಹೀಗಿರಬಹುದು:

‘ದಿನಾಂಕ 16ರ ವಿತರಣೆಯನ್ನು ಅಂದೇ ವಹಿಯಲ್ಲಿ ನಮೂದಿಸದೆ 19ರಂದು ನಮೂದಿಸಿದ್ದನ್ನು ಒಪ್ಪುತ್ತೇನೆ. ಬಿತ್ತನೆ ಕಾಲದ ದಟ್ಟಣೆಯಲ್ಲಿ ಈ ಲೋಪವಾಗಿದೆ. ಚೀಲಗಳ ದುರುಪಯೋಗವಾಗಿದೆ ಎಂಬ ಭಾಗವನ್ನು ವಿನಯಪೂರ್ವಕವಾಗಿ ಒಪ್ಪುವುದಿಲ್ಲ. 12 ಚೀಲಗಳನ್ನು ಸಾಗಿಸಿದ ಚಲನ್ ಹಾಗೂ ಸ್ವೀಕರಿಸಿದ ಕೇಂದ್ರದ ಸಹಿ ಇರುವ ಪ್ರತಿಯನ್ನು ಲಗತ್ತಿಸಿದ್ದೇನೆ.’

212ರಲ್ಲಿ 12 ಕಳೆದರೆ 200. ಲೆಕ್ಕ ತಾಳೆಯಾಯಿತು. ತಪಾಸಣಾಧಿಕಾರಿ ಎಣಿಸಿದ್ದು ಸರಿಯೇ ಇದೆ, ಹಾಗಾಗಿ ಅವರನ್ನು ದೂರುವ ಮಾತೇ ಇಲ್ಲಿ ಬೇಕಿಲ್ಲ. ‘ದುರುದ್ದೇಶದಿಂದ ಸುಳ್ಳು ಆರೋಪ’ ಎಂದು ಬರೆದರೆ ಆ ದುರುದ್ದೇಶಕ್ಕೂ ಪುರಾವೆ ಕೊಡಬೇಕಾಗುತ್ತದೆ. ಅದು ನಮ್ಮಲ್ಲಿ ಇರುವುದಿಲ್ಲ.

ಪದಗಳ ಬಗ್ಗೆ ಇಷ್ಟು ಎಚ್ಚರ ಯಾಕೆಂದರೆ, ಒಪ್ಪದ ಆರೋಪಗಳ ಮೇಲೆ ವಿಚಾರಣೆ ನಡೆಯುತ್ತದೆ. ಎಲ್ಲವನ್ನೂ ಒಪ್ಪಿಕೊಂಡರೆ ಶಿಸ್ತು ಪ್ರಾಧಿಕಾರ ಆ ಒಪ್ಪಿಗೆಯ ಮೇಲೆಯೇ ನಿರ್ಣಯ ದಾಖಲಿಸಬಹುದು. ನಮ್ಮ ಓದಿನ ಗುಂಪಿನಲ್ಲಿ ಹೆಚ್ಚಿನವರು ಎಡವಿದ್ದು ಕೊನೆಯ ಸಾಲಿನಲ್ಲಿ: ‘ನನ್ನಿಂದ ತಪ್ಪಾಗಿದೆ, ದಯವಿಟ್ಟು ಕ್ಷಮಿಸಿ.’ ಯಾವ ತಪ್ಪು? ದುರುಪಯೋಗವೂ ಸೇರಿತೇ? ಓದುವವರು ಸೇರಿಸಿಕೊಳ್ಳಬಹುದು. ಕ್ಷಮೆ ಕೇಳುವುದಾದರೆ ‘ನಮೂದು ತಡವಾದದ್ದಕ್ಕೆ ವಿಷಾದಿಸುತ್ತೇನೆ’ ಎಂದು ಹೆಸರಿಟ್ಟು ಕೇಳಿ. ‘ತಡವಾಗಿದ್ದರೆ ಕ್ಷಮಿಸಿ’ ಎಂಬುದೂ ಬೇಡ, ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ.

ಹೀಗೆ ಬರೆದರೆ ಪೂರ್ತಿ ಪಾರಾಗುತ್ತೇವೆ ಎಂದಲ್ಲ. ವಹಿ ತಡವಾದದ್ದೂ ಕರ್ತವ್ಯಲೋಪವೇ. ಅಷ್ಟಕ್ಕೇ ವಾಗ್ದಂಡನೆ ಬರಬಹುದು. ಆದರೆ ದುರುಪಯೋಗದ ಹೆಸರಿನಲ್ಲಿ ಬರುವ ದಂಡನೆಗೂ ಇದಕ್ಕೂ ಅಜಗಜಾಂತರ.

ಖುದ್ದಾಗಿ ಅಹವಾಲು ಹೇಳಿಕೊಳ್ಳಬೇಕೇ ಎಂಬುದನ್ನೂ ಇದೇ ಹೇಳಿಕೆಯಲ್ಲಿ ತಿಳಿಸಬೇಕು. ಚಲನ್ ಕಚೇರಿಯ ಕಡತದಲ್ಲಿದ್ದು ಕೈಗೆ ಸಿಗದಿದ್ದರೆ, ಕೊಟ್ಟ ಗಡುವು ಮುಗಿಯುವ ಮುನ್ನವೇ ದಾಖಲೆ ಪರಿಶೀಲನೆಗೂ ಹೆಚ್ಚಿನ ಕಾಲಾವಕಾಶಕ್ಕೂ ಲಿಖಿತವಾಗಿ ಕೇಳಿ, ನಿಮ್ಮ ಪ್ರತಿಯ ಮೇಲೆ ಟಪಾಲು ಶಾಖೆಯ ಮೊಹರು ಹಾಕಿಸಿಕೊಳ್ಳಿ.