ಹೆಸರು ಅಳಿಸಿದರೆ ಅಂಕಪಟ್ಟಿ ಅನಾಮಧೇಯ ಆಗುತ್ತದೆಯೇ?

ಪ್ರಶ್ನೆ: ನಮ್ಮ ಸಂಸ್ಥೆಯ ಶಾಲೆಗಳ ಎಸ್ಸೆಸ್ಸೆಲ್ಸಿ ಅಂಕಗಳನ್ನು ಹೊರಗಿನ ಸಂಶೋಧಕರು ಕೇಳಿದ್ದಾರೆ. ಹೆಸರು, ರಿಜಿಸ್ಟರ್ ನಂಬರ್ ಎರಡನ್ನೂ ತೆಗೆದಿದ್ದೇವೆ. ಇನ್ನು ಎಕ್ಸೆಲ್ ಫೈಲ್ ಕಳಿಸಬಹುದಲ್ಲವೇ?

ಉತ್ತರ: ಬೇಡ. ಪ್ರತಿ ವರ್ಷ ಫಲಿತಾಂಶ ಬಂದ ಮೇಲೆ ಬರುವ ಪ್ರಶ್ನೆ ಇದು. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹೆಸರಷ್ಟೇ ಗುರುತು ಎಂಬ ನಂಬಿಕೆ ಬಹಳ ಗಟ್ಟಿ. ಆದರೆ ಅಂಕಪಟ್ಟಿಯಲ್ಲಿ ಅಂಕಗಳೇ ಗುರುತು. 112, 87, 91, 64, 70, 83 ಎಂಬ ಆರು ಸಂಖ್ಯೆಗಳು ಇದೇ ಕ್ರಮದಲ್ಲಿ ಇನ್ನೊಬ್ಬರಿಗೂ ಬಂದಿರುವುದು ಅಪರೂಪ. ಮಗುವಿನ ಅಂಕಪಟ್ಟಿಯ ಫೋಟೊ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿದೆ, ಒಟ್ಟು ಅಂಕ ಶಾಲೆಯ ಗೇಟಿನ ಫ್ಲೆಕ್ಸ್‌ನಲ್ಲಿದೆ, 625ಕ್ಕೆ 620 ದಾಟಿದವರ ಹೆಸರಂತೂ ಪತ್ರಿಕೆಯಲ್ಲೇ ಇದೆ. ಅದನ್ನು ನಿಮ್ಮ ಫೈಲಿನ ಪಕ್ಕಕ್ಕಿಟ್ಟರೆ ಸಾಲು ಸಿಕ್ಕಿತು, ಜೊತೆಗೆ ಆ ಮಗುವಿನ ಪ್ರವರ್ಗ, ಅಂಗವೈಕಲ್ಯ, ಪೋಷಕರ ಆದಾಯದ ಕಾಲಂಗಳೂ ಸಿಕ್ಕವು. ಅನುಮಾನವಿದ್ದರೆ ನಿಮ್ಮ ಫೈಲಿನ ಮೇಲೆಯೇ ಇದನ್ನು ಓಡಿಸಿ ನೋಡಿ, ಫೈಲಿನ ಹೆಸರು ಮತ್ತು ಆರು ವಿಷಯಗಳ ಕಾಲಂಗಳ ಹೆಸರು ಮಾತ್ರ ನಿಮ್ಮವೇ ಇರಲಿ:

```python
import pandas as pd
df = pd.read_excel("marks.xlsx")
m = ["L1","L2","L3","MA","SC","SS"]
print((~df.duplicated(m, keep=False)).sum(), len(df))
```

ಮೊದಲ ಸಂಖ್ಯೆ, ಬೇರೆ ಯಾರಿಗೂ ಬಾರದ ಅಂಕಗಳಿರುವ ಸಾಲುಗಳದ್ದು. ಅದು ಎರಡನೆಯದಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡಿದವರು ಮತ್ತೆ ಈ ಪ್ರಶ್ನೆ ಕೇಳುವುದಿಲ್ಲ.

"ಅಳಿಸಿಲ್ಲ, ರಿಜಿಸ್ಟರ್ ನಂಬರನ್ನು ಹ್ಯಾಶ್ ಮಾಡಿದ್ದೇವೆ" ಎನ್ನುವವರೂ ಇದ್ದಾರೆ, ಅಂದರೆ ಒಂದು ಸೂತ್ರದಿಂದ ಅದನ್ನು ಅರ್ಥವಿಲ್ಲದಂತೆ ಕಾಣುವ ಅಕ್ಷರಗಳ ಸರಣಿಯಾಗಿ ಬದಲಿಸಿದವರು. ಅದು ಇನ್ನೂ ಕೆಟ್ಟದ್ದು. ರಿಜಿಸ್ಟರ್ ನಂಬರುಗಳು ಸಾಲಾಗಿ ಬರುತ್ತವೆ. ಇರುವ ಅಷ್ಟನ್ನೂ ಹ್ಯಾಶ್ ಮಾಡಿ ಹೊಂದಿಸಿ ನೋಡಲು ಸಾಧಾರಣ ಲ್ಯಾಪ್‌ಟಾಪ್ ಸಾಕು. 2014ರಲ್ಲಿ ನ್ಯೂಯಾರ್ಕ್ ಟ್ಯಾಕ್ಸಿಗಳ ದತ್ತಾಂಶ ಹೊರಬಂದಾಗ ಟ್ಯಾಕ್ಸಿ ನಂಬರುಗಳು ಬಯಲಾದದ್ದು ಹೀಗೆಯೇ. ಹ್ಯಾಶ್ ಬದಲು ಸಾಲುಗಳನ್ನು ಕಲಸಿ, ಮೂಲ ನಂಬರಿಗೆ ಸಂಬಂಧವೇ ಇಲ್ಲದ ಹೊಸ ಸಂಖ್ಯೆ ಕೊಡಿ.

ಮತ್ತೆ ಕೊಡುವುದೇನು? ಸಂಶೋಧಕರ ಪ್ರಶ್ನೆ ಗಣಿತದ ಬಗ್ಗೆ ಇದ್ದರೆ ಗಣಿತದ ಅಂಕ ಮಾತ್ರ ಕೊಡಿ. ಅದನ್ನೂ 0–34, 35–49, 50–59, 60–84, 85–100 ಎಂದು ಗುಂಪು ಮಾಡಿ. ಒಟ್ಟು ಅಂಕದ ಕಾಲಂ, ಹುಟ್ಟಿದ ದಿನಾಂಕ ಎರಡೂ ಹೋಗಲಿ. ಆರೂ ವಿಷಯ ಬೇಕೇ ಬೇಕೆಂದರೆ, ಐದು ಗುಂಪುಗಳಿಂದಲೂ 15,625 ಬಗೆಯ ಜೋಡಣೆ ಸಾಧ್ಯ ಎಂಬುದನ್ನು ಮರೆಯದೆ ಮೇಲಿನ ಎಣಿಕೆಯನ್ನು ಇನ್ನೊಮ್ಮೆ ಮಾಡಿ. ಶಾಲೆಯ ಕೋಡ್ ಬದಲಿಸಿದರೂ ತಾಲ್ಲೂಕಿಗೆ ಒಂದೇ ಉರ್ದು ಮಾಧ್ಯಮದ ಶಾಲೆ ಇದ್ದರೆ ಕೋಡ್ ಬದಲಿಸಿ ಫಲವಿಲ್ಲ. ಅಲ್ಲಿ ಮಾಧ್ಯಮವನ್ನೋ ತಾಲ್ಲೂಕನ್ನೋ ಬಿಡಬೇಕು.

ಇನ್ನು ಸಣ್ಣ ಗುಂಪುಗಳು. ಸರಾಸರಿ ಮಾತ್ರ ಕೊಟ್ಟರೂ, ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನದನ್ನು ಮುಚ್ಚುವ ರೂಢಿ ಒಳ್ಳೆಯದು. ಆದರೆ ಪಟ್ಟಿಯ ಒಂದೇ ಮನೆ ಮುಚ್ಚಿದರೆ ಮುಚ್ಚಿದಂತಾಗುವುದಿಲ್ಲ. ಈ ಲೆಕ್ಕ ನೋಡಿ. ಒಂದು ಶಾಲೆಯಲ್ಲಿ 42 ಮಕ್ಕಳು, ಗಣಿತದ ಸರಾಸರಿ 58. ಪರಿಶಿಷ್ಟ ಜಾತಿಯ 14 ಮಕ್ಕಳ ಸರಾಸರಿ 57, ಇತರ 26 ಮಕ್ಕಳದ್ದು 60. ಪರಿಶಿಷ್ಟ ಪಂಗಡದ ಮನೆಯಲ್ಲಿ ನಕ್ಷತ್ರ ಚಿಹ್ನೆ ಹಾಕಿದ್ದೀರಿ. 42ರಲ್ಲಿ 40 ಕಳೆದರೆ ಉಳಿದದ್ದು ಇಬ್ಬರು. 42×58 ಅಂದರೆ 2436. ಅದರಲ್ಲಿ 798 ಮತ್ತು 1560 ಕಳೆದರೆ 78. ಅವರಲ್ಲಿ ಒಬ್ಬನಿಗೆ ತನಗೆ ಬಂದದ್ದು 43 ಎಂದು ಗೊತ್ತು, ಹಾಗಾಗಿ ಇನ್ನೊಬ್ಬಳಿಗೆ ಬಂದದ್ದು ಬರೀ 35 ಎಂಬುದೂ ಅವನಿಗೆ ಗೊತ್ತಾಯಿತು.

ಆದ್ದರಿಂದ ಎರಡನೆಯ ಮನೆಯೂ ಮುಚ್ಚಬೇಕು. ಇಲ್ಲಿ ಪರಿಶಿಷ್ಟ ಜಾತಿ, ಪಂಗಡ ಸೇರಿಸಿ 16 ಮಕ್ಕಳ ಒಂದೇ ಗುಂಪು ಮಾಡುವುದು ಇನ್ನೂ ಸರಳ. ಮುಚ್ಚುವುದೇ ಆದರೆ ಅಡ್ಡಸಾಲಿನಲ್ಲೂ ಕಂಬಸಾಲಿನಲ್ಲೂ ತಲಾ ಎರಡಾದರೂ ಮುಚ್ಚಿರಬೇಕು. ಇಲ್ಲದಿದ್ದರೆ ತಾಲ್ಲೂಕಿನ ಮೊತ್ತದಿಂದ ಉಳಿದ ಶಾಲೆಗಳನ್ನು ಕಳೆದು ಅದೇ ಸಂಖ್ಯೆಗೆ ಬರಬಹುದು. ಗುಂಪು ದೊಡ್ಡದಿದ್ದರೂ ಎಚ್ಚರ ಬೇಕು. ಹನ್ನೆರಡೂ ಮಕ್ಕಳು ಅನುತ್ತೀರ್ಣ ಎಂದು ಬರೆದರೆ ಹನ್ನೆರಡು ಜನರ ಫಲಿತಾಂಶವನ್ನೂ ಹೇಳಿದಂತೆಯೇ. ಅಲ್ಲಿ "ಶೇ. 90ಕ್ಕಿಂತ ಹೆಚ್ಚು" ಎಂದು ಬರೆಯಿರಿ.

ಯಾರೂ ಕೇಳದ ಇನ್ನೊಂದು ವಿಷಯವಿದೆ, ಆದರೂ ಹೇಳಿಬಿಡುತ್ತೇನೆ. ಮರುಮೌಲ್ಯಮಾಪನದ ನಂತರ "ತಿದ್ದಿದ ಫೈಲ್" ಎಂದು ಎರಡನೆಯದನ್ನು ಕಳಿಸುತ್ತೀರಲ್ಲ, ಎರಡೂ ಫೈಲುಗಳನ್ನು ಅಕ್ಕಪಕ್ಕ ಇಟ್ಟರೆ ಬದಲಾದ ಮೂರು ನಾಲ್ಕು ಸಾಲುಗಳು ತಾವಾಗಿಯೇ ಎದ್ದು ಕಾಣುತ್ತವೆ. ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದವರು ಯಾರೆಂದು ಊರಿಗೇ ಗೊತ್ತಿರುತ್ತದೆ. ಅದಕ್ಕೇ ಮರುಮೌಲ್ಯಮಾಪನ ಮುಗಿಯುವವರೆಗೆ ಕಾದು ಒಂದೇ ಫೈಲ್ ಕೊಡಿ. ಎರಡನೆಯದು ಅನಿವಾರ್ಯವಾದರೆ ಸಾಲುಗಳನ್ನು ಮತ್ತೆ ಕಲಸಿ, ಹೊಸ ಸಂಖ್ಯೆಗಳನ್ನೇ ಹಾಕಿ. ಸರಾಸರಿಯ ಪಟ್ಟಿ ಕೊಡುವುದಾದರೆ ದಶಮಾಂಶ ಬಿಟ್ಟು ಪೂರ್ಣಾಂಕಕ್ಕೆ ತಂದು, ಹಳೆಯ ಪಟ್ಟಿಯಿಂದ ಹೊಸದನ್ನು ಕಳೆದು ನೋಡಿದ ಮೇಲೆಯೇ ಕಳಿಸಿ.