ಮಗಳ ಕಿಡ್ನಿ ಬಿಟ್ಟು ತಾಯಿಯದನ್ನೇ ಯಾಕೆ ತೆಗೆದುಕೊಂಡೆವು?

ಮೂವತ್ತು ವರ್ಷದ ಹುಡುಗ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಕಿಡ್ನಿ ಕೊಡಲು ಮನೆಯಲ್ಲಿ ಇಬ್ಬರು ಮುಂದೆ ಬಂದರು. 27ರ ತಂಗಿ, 58ರ ತಾಯಿ. ಇಬ್ಬರ ರಕ್ತದ ಗುಂಪೂ ಹೊಂದುತ್ತಿತ್ತು. ತಂದೆಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ, ಅವರು ಕೊಡುವ ಹಾಗಿರಲಿಲ್ಲ. ಅವರು ನನ್ನೆದುರು ಕುಳಿತು, "ಡಾಕ್ಟ್ರೇ, ಮಗಳದ್ದೇ ತಗೊಳ್ಳಿ. ಅವಳು ಗಟ್ಟಿಮುಟ್ಟಾಗಿದ್ದಾಳೆ. ಇವಳಿಗೆ ವಯಸ್ಸಾಯ್ತು, ಬಿಪಿ ಮಾತ್ರೆ ಬೇರೆ ತಗೋತಾಳೆ" ಎಂದರು. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಮಾತೇ. ಆದರೆ ಕೊನೆಗೆ ನಾವು ಆರಿಸಿದ್ದು ತಾಯಿಯನ್ನು. ಅದರ ಕಾರಣ ಗೊತ್ತಾದರೆ ದಾನಿಯ ಪರೀಕ್ಷೆಗಳಲ್ಲಿ ನಾವು ಏನು ಹುಡುಕುತ್ತೇವೆ ಎಂಬುದೂ ಗೊತ್ತಾಗುತ್ತದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಪರೀಕ್ಷೆ ಎಂದರೆ ರಕ್ತ ಹೊಂದುತ್ತದೆಯೇ ಎಂದು ನೋಡುವುದು ಅಷ್ಟೇ ಎಂದು ಮನೆಯವರು ಅಂದುಕೊಂಡಿರುತ್ತಾರೆ. ಅದೂ ಇದೆ. ದಾನಿಯ ಬಿಳಿ ರಕ್ತಕಣಗಳನ್ನು ರೋಗಿಯ ಸೀರಂ, ಅಂದರೆ ರಕ್ತದ ತಿಳಿಯ ಜೊತೆ ಸೇರಿಸಿ ನೋಡುವ ಕ್ರಾಸ್‌ಮ್ಯಾಚ್ ಮಾಡುತ್ತೇವೆ. ರೋಗಿಯ ದೇಹ ಆ ಕಿಡ್ನಿಯ ವಿರುದ್ಧ ಈಗಾಗಲೇ ಸಿದ್ಧವಾಗಿ ನಿಂತಿದೆಯೇ ಎಂದು ಅದು ಹೇಳುತ್ತದೆ. ಆದರೆ ಉಳಿದ ಬಹುಪಾಲು ಪರೀಕ್ಷೆಗಳು ರೋಗಿಗಾಗಿ ಅಲ್ಲ, ದಾನಿಗಾಗಿ. ಇವರು ಒಂದೇ ಕಿಡ್ನಿಯಲ್ಲಿ ಉಳಿದ ಆಯಸ್ಸನ್ನೆಲ್ಲ ಕಳೆಯಬಲ್ಲರೇ? ನಮ್ಮ ಪ್ರಶ್ನೆ ಇದು. ಹಾಗಾಗಿ ದಾನಿಯನ್ನು ನೋಡುವ ವೈದ್ಯರು ಸಾಧ್ಯವಾದಷ್ಟೂ ರೋಗಿಯನ್ನು ನೋಡುವವರಿಗಿಂತ ಬೇರೆಯವರಿರಬೇಕು.

ಸುಲಭದ ಪರೀಕ್ಷೆಗಳು ಮೊದಲು ಬರುತ್ತವೆ. ಮೂತ್ರ, ಸಕ್ಕರೆ, ಬಿಪಿ, ಸೋಂಕುಗಳು, ಹೃದಯ. ಆಮೇಲೆ ಎರಡೂ ಕಿಡ್ನಿ ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಸೋಸುತ್ತವೆ ಎಂಬ ಅಳತೆ. ಅದನ್ನು ಜಿಎಫ್‌ಆರ್ ಎನ್ನುತ್ತೇವೆ. ಕೊನೆಗೆ ಸಿಟಿ ಆಂಜಿಯೋಗ್ರಾಂ. ಕಿಡ್ನಿಗೆ ಎಷ್ಟು ರಕ್ತನಾಳ, ಕಲ್ಲು ಇದೆಯೇ, ಎಡಬಲ ಎರಡೂ ಒಂದೇ ಗಾತ್ರವೇ ಎಂದು ಅದರಲ್ಲಿ ಕಾಣುತ್ತದೆ. ಅದಕ್ಕೆ ಕ್ಷಕಿರಣವೂ ಔಷಧಿಯ ಚುಚ್ಚುಮದ್ದೂ ಬೇಕು, ಆದ್ದರಿಂದ ಬೇರೆಲ್ಲ ಸರಿಯಿದ್ದವರಿಗೆ ಮಾತ್ರ ಮಾಡುತ್ತೇವೆ. ಎಡಗಡೆಯ ಕಿಡ್ನಿಯ ಸಿರೆ ಉದ್ದವಿರುವುದರಿಂದ ಸಾಮಾನ್ಯವಾಗಿ ಅದನ್ನೇ ತೆಗೆಯುತ್ತಾರೆ. ಆದರೆ ಎರಡರಲ್ಲಿ ವ್ಯತ್ಯಾಸವಿದ್ದರೆ ಚೆನ್ನಾಗಿರುವುದು ದಾನಿಯ ಹತ್ತಿರವೇ ಉಳಿಯಬೇಕು.

ಈಗ ಆ ಇಬ್ಬರ ವರದಿಗೆ ಬರೋಣ. ಮಗಳ ಜಿಎಫ್‌ಆರ್ 112. ತುಂಬ ಚೆನ್ನಾಗಿತ್ತು. ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಸೋರುತ್ತಿರಲಿಲ್ಲ, ಬಿಪಿ ಸರಿಯಿತ್ತು. ತೂಕ ಸ್ವಲ್ಪ ಜಾಸ್ತಿ. ಖಾಲಿಹೊಟ್ಟೆಯ ಸಕ್ಕರೆ 104. ಇದು ನೂರರೊಳಗೆ ಇರಬೇಕಿತ್ತು. ಅನುಮಾನ ಬಂದು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದೆವು. 162 ಬಂತು. 140ರ ಒಳಗಿದ್ದರೆ ಸರಿ, 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಇವಳು ನಡುವೆ ನಿಂತಿದ್ದಳು.

ತಾಯಿಯ ಜಿಎಫ್‌ಆರ್ 88. ವಯಸ್ಸಾದಂತೆ ಈ ಸಂಖ್ಯೆ ಎಲ್ಲರಿಗೂ ಇಳಿಯುತ್ತದೆ, 58ಕ್ಕೆ ಇದು ಒಳ್ಳೆಯ ಅಳತೆಯೇ. ಒಂದೇ ಮಾತ್ರೆಯಲ್ಲಿ ಬಿಪಿ 128/80ಕ್ಕೆ ನಿಂತಿತ್ತು. ಅಲ್ಬುಮಿನ್ ಇಲ್ಲ, ಕಣ್ಣಿಗಾಗಲಿ ಹೃದಯಕ್ಕಾಗಲಿ ಬಿಪಿಯಿಂದ ಏಟು ಬಿದ್ದಿರಲಿಲ್ಲ. ಗ್ಲೂಕೋಸ್ ಪರೀಕ್ಷೆಯೂ ಸರಿಯಾಗಿತ್ತು.

ಸುಮ್ನೆ ಇವತ್ತಿನ ಕಿಡ್ನಿ ಲೆಕ್ಕ ಹಾಕಿದರೆ ಮಗಳದ್ದೇ ಮೇಲು. ಆದರೆ ನಾವು ನೋಡಬೇಕಾದದ್ದು ಮುಂದಿನ ವರ್ಷಗಳನ್ನು. ತಾಯಿಯ ಮುಂದೆ ಇಪ್ಪತ್ತೈದು, ಮೂವತ್ತು ವರ್ಷ ಇರಬಹುದು. ಅವರಿಗೆ ಬರಬೇಕಿದ್ದ, ಕಿಡ್ನಿ ಕೆಡಿಸುವ ಕಾಯಿಲೆಗಳಲ್ಲಿ ಹೆಚ್ಚಿನವು ಇಷ್ಟರಲ್ಲಿ ಮುಖ ತೋರಿಸಿರುತ್ತಿದ್ದವು. ಮಗಳ ಮುಂದೆ ಐವತ್ತಕ್ಕೂ ಹೆಚ್ಚು ವರ್ಷ ಇದೆ. ತಂದೆಗೆ ಸಕ್ಕರೆ, ಅವಳಿಗೆ 27ಕ್ಕೇ 162. ನಲವತ್ತಕ್ಕೆ ಸಕ್ಕರೆ ಕಾಯಿಲೆ ಬಂದರೆ ಆಗ ಅವಳಿಗೆ ಎರಡೂ ಕಿಡ್ನಿ ಬೇಕು. ಜೊತೆಗೆ ಅವಳಿಗಿನ್ನೂ ಮಕ್ಕಳಾಗಿರಲಿಲ್ಲ. ಕಿಡ್ನಿ ಕೊಟ್ಟ ಮೇಲೆ ಗರ್ಭಿಣಿಯಾದರೆ ಬಿಪಿ ಏರುವ ತೊಂದರೆ ಹೆಚ್ಚು. ಕೆನಡಾದಲ್ಲಿ ನಡೆದ ಒಂದು ಅಧ್ಯಯನದಲ್ಲಿ ದಾನಿಗಳ ಬಸುರಿನಲ್ಲಿ ನೂರಕ್ಕೆ 11, ದಾನ ಮಾಡದ ಅಂಥದೇ ಹೆಂಗಸರಲ್ಲಿ ನೂರಕ್ಕೆ 5 ಇತ್ತು. ಹೆಚ್ಚಿನವರ ಹೆರಿಗೆ ಸುಸೂತ್ರವಾಗಿಯೇ ಆಗುತ್ತದೆ. ಆದರೂ ಇದನ್ನು ಮೊದಲೇ ಹೇಳಬೇಕು.

ಅಪಾಯದ ಬಗ್ಗೆ ತಂದೆ ನೇರವಾಗಿ ಕೇಳಿದರು. ನಾನೂ ನೇರವಾಗಿ ಹೇಳಿದೆ. ಶಸ್ತ್ರಚಿಕಿತ್ಸೆಯಿಂದ ದಾನಿ ಸಾಯುವ ಸಾಧ್ಯತೆ 10,000 ಜನರಲ್ಲಿ 3 ಅಥವಾ ಅದಕ್ಕಿಂತ ಕಡಿಮೆ. ಕಡಿಮೆ ನಿಜ, ಆದರೆ ಸೊನ್ನೆ ಅಲ್ಲ. ಮುಂದೆಂದಾದರೂ ದಾನಿಯ ಕಿಡ್ನಿಯೇ ಪೂರ್ತಿ ಸೋಲುವ ಸಾಧ್ಯತೆ, ಅಮೆರಿಕದ ದೊಡ್ಡ ಲೆಕ್ಕವೊಂದರ ಪ್ರಕಾರ, ಜೀವಮಾನದಲ್ಲಿ 10,000ಕ್ಕೆ ಸುಮಾರು 90. ದಾನ ಮಾಡದ ಅಷ್ಟೇ ಆರೋಗ್ಯವಂತರಲ್ಲಿ ಅದು ಸುಮಾರು 14. "ಒಂದು ಕಿಡ್ನಿಯಲ್ಲೂ ಏನೂ ವ್ಯತ್ಯಾಸವಿಲ್ಲ" ಎನ್ನುವುದು ಪೂರ್ತಿ ಸತ್ಯವಲ್ಲ. ನೂರರಲ್ಲಿ 99 ಜನ ಚೆನ್ನಾಗಿರುತ್ತಾರೆ. ಆ ಉಳಿದ ಒಬ್ಬರು ಯಾರಾಗಬಹುದು ಎಂದು ಮೊದಲೇ ಊಹಿಸಿ ಬೇಡ ಎನ್ನುವುದೇ ನನ್ನ ಕೆಲಸ.

ತಾಯಿಯದನ್ನು ತೆಗೆದುಕೊಂಡರೆ ಮಗನಿಗೆ ನಷ್ಟವಿಲ್ಲವೇ? ಸ್ವಲ್ಪ ಇದೆ. ಎಳೆಯ ಕಿಡ್ನಿ ಇನ್ನೂ ಕೆಲವು ವರ್ಷ ಹೆಚ್ಚು ಬಾಳುತ್ತಿತ್ತೇನೋ. ಅದಕ್ಕಾಗಿ ತಂಗಿಯನ್ನು ರೋಗಿ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಪ್ರತಿ ದಾನಿಯನ್ನೂ ಒಮ್ಮೆ ಒಬ್ಬರನ್ನೇ ಕೂರಿಸಿ ಮಾತಾಡಿಸುತ್ತೇವೆ. ಯಾರಾದರೂ ಒತ್ತಾಯ ಮಾಡಿದರೇ ಎಂದು ಕೇಳುತ್ತೇವೆ. ಮನಸ್ಸಿಲ್ಲ ಎಂದರೆ "ಇವರು ದಾನಕ್ಕೆ ಹೊಂದುವುದಿಲ್ಲ" ಎಂದಷ್ಟೇ ಮನೆಯವರಿಗೆ ತಿಳಿಸುತ್ತೇವೆ, ಕಾರಣ ಹೊರಗೆ ಹೋಗುವುದಿಲ್ಲ. ಈ ಹುಡುಗಿಗೆ ಮನಸ್ಸಿತ್ತು. ಬೇಡ ಎಂದಾಗ ಅತ್ತುಬಿಟ್ಟಳು. "ನನ್ನಿಂದಾಗಿ ಅಮ್ಮನನ್ನು ಕೊಯ್ಯಬೇಕಾಯಿತು" ಎಂದಳು. ಅವಳ ಜೊತೆ ಇನ್ನೆರಡು ಸಲ ಕೂತು ಮಾತಾಡಬೇಕಾಯಿತು.

ತಾಯಿ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ರಂಧ್ರಗಳ ಮೂಲಕ, ಕಿಡ್ನಿ ತೆಗೆಸಿಕೊಂಡು ನಾಲ್ಕನೇ ದಿನ ಮನೆಗೆ ಹೋದರು. ಆರು ವಾರ ಭಾರ ಎತ್ತಬೇಡಿ ಎಂದಿದ್ದೆವು. ಗಾಬರಿಯಾದದ್ದು ಆರು ತಿಂಗಳಾದ ಮೇಲೆ. ಕಿಡ್ನಿ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಸ ರಕ್ತದಲ್ಲಿ ಮೊದಲು 0.8 ಇತ್ತು, ಈಗ 1.1. ಅದರಿಂದ ಲೆಕ್ಕ ಹಾಕಿದ ಜಿಎಫ್‌ಆರ್, ಅಂದರೆ ಇಜಿಎಫ್‌ಆರ್, 58 ಎಂದು ವರದಿಯಲ್ಲಿ ದಪ್ಪ ಅಕ್ಷರ. ಯಾರೋ ಅದನ್ನು ನೋಡಿ "ಕಿಡ್ನಿ ಕಾಯಿಲೆ ಮೂರನೇ ಹಂತ" ಎಂದರಂತೆ. ಮನೆಯವರೆಲ್ಲ ಓಡಿಬಂದರು.

ಅದು ನಾವು ನಿರೀಕ್ಷಿಸಿದ ಸಂಖ್ಯೆಯೇ. ಒಂದು ಕಿಡ್ನಿ ಹೋದರೆ ಶಕ್ತಿ ಅರ್ಧಕ್ಕೆ ಇಳಿದು ಅಲ್ಲೇ ನಿಲ್ಲುವುದಿಲ್ಲ. ಉಳಿದದ್ದು ಕೆಲವೇ ವಾರಗಳಲ್ಲಿ ಜಾಸ್ತಿ ಸೋಸಲು ಶುರುಮಾಡಿ, ಮೊದಲಿನ ಒಟ್ಟು ಶಕ್ತಿಯ ಮೂರನೇ ಎರಡು ಭಾಗದ ಹತ್ತಿರ ಬಂದು ನಿಲ್ಲುತ್ತದೆ. 88ರಿಂದ 58ಕ್ಕೆ ಬಂದದ್ದು ಹಾಗೆ. ಕಾಯಿಲೆಯಿಂದ ಇಳಿದ 58 ಮುಂದೆಯೂ ಇಳಿಯುತ್ತ ಹೋಗಬಹುದು. ದಾನಿಯ 58 ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಹಾಗೆ ನಿಂತಿದೆಯೇ ಎಂದು ವರ್ಷಕ್ಕೊಮ್ಮೆ ನೋಡಬೇಕು. ಮೂತ್ರದಲ್ಲಿ ಅಲ್ಬುಮಿನ್ ಕಾಣಿಸಿಕೊಂಡರೆ, ಬಿಪಿ ಏರಿದರೆ, ಕ್ರಿಯಾಟಿನಿನ್ ವರ್ಷದಿಂದ ವರ್ಷಕ್ಕೆ ಮೇಲೆ ಹೋದರೆ ಮಾತ್ರ ಚಿಂತೆ. ಐಬುಪ್ರೊಫೆನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳನ್ನು ತಾವಾಗಿಯೇ ನುಂಗಬಾರದು. ಯಾವ ವೈದ್ಯರ ಹತ್ತಿರ ಹೋದರೂ "ನನಗೆ ಒಂದೇ ಕಿಡ್ನಿ" ಎಂದು ಮೊದಲು ಹೇಳಬೇಕು. ಇದಿಷ್ಟು ಬಿಟ್ಟರೆ, ಕಿಡ್ನಿ ಕೊಟ್ಟಿದ್ದಕ್ಕೆಂದು ದಾನಿ ಜೀವನಪೂರ್ತಿ ನುಂಗಬೇಕಾದ ಮಾತ್ರೆಯೂ ಇಲ್ಲ, ವಿಶೇಷ ಪಥ್ಯವೂ ಇಲ್ಲ.

ಮಗಳು ವರ್ಷದಲ್ಲಿ ಎಂಟು ಕಿಲೋ ಇಳಿಸಿದಳು. ಎರಡು ಗಂಟೆಯ ಸಕ್ಕರೆ 131ಕ್ಕೆ ಬಂತು. ವರದಿ ಮುಂದಿಟ್ಟು, "ಈಗ ನಾನು ಕೊಡಬಹುದಾ?" ಎಂದಳು. ಈಗ ಬೇಕಾಗಿಲ್ಲವಲ್ಲ ಎಂದೆ. ಜೀವಂತ ದಾನಿಯ ಕಿಡ್ನಿ ಸಾಮಾನ್ಯವಾಗಿ 15ರಿಂದ 20 ವರ್ಷ ನಡೆಯುತ್ತದೆ. ಅಣ್ಣನಿಗೆ ಮತ್ತೆ ಬೇಕಾದ ದಿನ ಬಂದರೆ ಇವಳಿಗೆ ನಲವತ್ತೈದರ ಸುಮಾರು ಆಗಿರುತ್ತದೆ. ಆಗಲೂ ಸಕ್ಕರೆ ಸರಿಯಿದ್ದರೆ, ಇವತ್ತು ಹೇಳಲಾಗದ ಉತ್ತರವನ್ನು ಆ ವರದಿಗಳು ಹೇಳುತ್ತವೆ.